ನಗುವ ಮೊದಲು ಜನ ಯಾರ ಕಡೆ ನೋಡುತ್ತಾರೆ?

ಸಭೆ, ಸಮಾರಂಭಗಳ ನಿರೂಪಣೆ ಕಲಿಯಲು ನನ್ನ ಹತ್ತಿರ ಬರುವವರು ಮೊದಲ ದಿನವೇ ಕೇಳುತ್ತಾರೆ, "ಮೇಡಂ, ಸ್ವಾಗತಕ್ಕೆ ಒಂದು ಒಳ್ಳೆ ಜೋಕ್ ಕೊಡಿ." ನಾನು ಕೊಡುವುದಿಲ್ಲ. ಮೊಬೈಲಿನಲ್ಲಿ ಬಂದ ನಾಲ್ಕೈದು ಜೋಕ್ ತೋರಿಸಿ, ಇದರಲ್ಲಿ ಯಾವುದು ಚೆನ್ನಾಗಿದೆ ಅಂತ ಕೇಳುತ್ತಾರೆ. ಜೋಕ್ ಚೆನ್ನಾಗಿದೆಯಾ ಅನ್ನುವುದು ಆಮೇಲಿನ ಮಾತು. ಅದು ಯಾರ ಮೇಲೆ ಬೀಳುತ್ತದೆ, ಅವರ ಮೇಲೆ ಅದನ್ನು ಹೇಳುವ ಸಲುಗೆ ನಿಮಗೆ ಇದೆಯಾ ಅಂತ ಮೊದಲು ನೋಡಬೇಕು. ಎಷ್ಟು ಸಲ ಹೇಳಿದರೂ ಇದೊಂದು ತಲೆಗೆ ಹೋಗುವುದಿಲ್ಲ.

ಒಂದು ಪ್ರೌಢಶಾಲೆಯಲ್ಲಿ ಮುಖ್ಯ ಶಿಕ್ಷಕರ ಬೀಳ್ಕೊಡುಗೆ ಇತ್ತು. ನಿರೂಪಣೆಗೆ ಹೋದವನು ನನ್ನ ಹತ್ತಿರ ಕಲಿತ ಹುಡುಗ. ಜಾಣ, ದನಿಯೂ ಚೆನ್ನಾಗಿದೆ. ಮೈಕ್ ಹಿಡಿದವನೇ, "ಇಷ್ಟು ವರ್ಷ ಸ್ಕೂಲಲ್ಲಿ ಹೆಡ್‌ಮಾಸ್ಟರು, ನಾಳೆಯಿಂದ ಮನೇಲಿ ತರಕಾರಿ ಹೆಚ್ಚೋ ಅಸಿಸ್ಟೆಂಟು!" ಅಂದ. ಹಿಂದೆ ಕೂತಿದ್ದ ಮಕ್ಕಳು ನಕ್ಕರು. ಮುಂದಿನ ಸಾಲಿನ ಶಿಕ್ಷಕರು ನಗಲಿಲ್ಲ, ಎಲ್ಲರೂ ಮೇಷ್ಟ್ರ ಕಡೆ ತಿರುಗಿ ನೋಡಿದರು. ಅವರ ಹೆಂಡತಿಗೆ ಲಕ್ವ ಹೊಡೆದು ಆರು ವರ್ಷವಾಗಿತ್ತು. ದಿನಾ ಬೆಳಿಗ್ಗೆ ಅಡುಗೆ ಮಾಡಿಟ್ಟೇ ಅವರು ಶಾಲೆಗೆ ಬರುತ್ತಿದ್ದರು.

ಹುಡುಗ ಈ ಮಾತನ್ನು ತಾನೇ ಕಟ್ಟಿರಲಿಲ್ಲ. ಅದೇ ಶಾಲೆಯ ಗಣಿತದ ಮೇಷ್ಟ್ರು ಹೇಳಿಕೊಟ್ಟಿದ್ದರು. ಸ್ಟಾಫ್ ರೂಮಿನಲ್ಲಿ ಅವರು ಹಾಗೆ ರೇಗಿಸುತ್ತಿದ್ದರು, ಹೆಡ್‌ಮಾಸ್ಟರೂ ನಗುತ್ತಿದ್ದರಂತೆ. ಆದರೆ ಆ ಗಣಿತದ ಮೇಷ್ಟ್ರು ತಿಂಗಳುಗಟ್ಟಲೆ ಆಸ್ಪತ್ರೆಗೆ ಕ್ಯಾರಿಯರ್ ಹೊತ್ತವರು. ಆ ಸಲುಗೆ ಅವರದು. ಮಾತನ್ನು ಇನ್ನೊಬ್ಬರ ಬಾಯಿಗೆ ಕೊಡಬಹುದು, ಸಲುಗೆಯನ್ನು ಕೊಡಲು ಆಗುವುದಿಲ್ಲ ಅಲ್ವಾ? ಕಾಫಿ ಕುಡಿಯುತ್ತಾ ನಾಲ್ಕು ಜನರ ನಡುವೆ ಅಂದದ್ದನ್ನು ಹೊರಗಿನವನೊಬ್ಬ ಮುನ್ನೂರು ಜನರ ಮುಂದೆ ಮೈಕಿನಲ್ಲಿ ಅಂದಾಗ ಅದು ಬೇರೆಯೇ ಮಾತಾಗುತ್ತದೆ. ಊರಿನ ಮಾತಿಗೂ ಇದೇ ಲೆಕ್ಕ. ಧಾರವಾಡದವರು ತಮ್ಮ ಮಾತನ್ನು ತಾವೇ ಆಡಿಕೊಂಡು ನಗುತ್ತಾರೆ. ಬೆಂಗಳೂರಿನಿಂದ ಹೋದವರು "ಹ್ಯಾಂಗದೀರ್ರೀ" ಅಂತ ಎಳೆದು ಶುರು ಮಾಡಿದರೆ ಅದು ಅಣಕವಾಗಿಯೇ ಕೇಳುವ ಸಾಧ್ಯತೆ ಜಾಸ್ತಿ.

ಆ ತಿರುಗಿ ನೋಡುವುದಿದೆಯಲ್ಲ, ನಾನು ನಂಬುವ ಗುರುತು ಅದೇ. ನಗುವ ಮೊದಲು ಜನ ಒಬ್ಬರ ಮುಖ ನೋಡಿದರೆ, ಇವರಿಗೆ ಬೇಜಾರಾಯಿತಾ ಅಂತ ಪರೀಕ್ಷೆ ಮಾಡುತ್ತಿದ್ದಾರೆ ಅಂತ ಅರ್ಥ. ಇದನ್ನು ಸಭೆಗೆ ಮೊದಲೇ ನೋಡಿಕೊಳ್ಳಬಹುದು. ಜೋಕನ್ನು ನಿಮ್ಮ ಸ್ನೇಹಿತರಿಗೆ ಹೇಳಬೇಡಿ, ಅವರು ಸುಮ್ನೆ ನಗುತ್ತಾರೆ. ಯಾರ ಬಗ್ಗೆ ಇದೆಯೋ ಅವರ ಮಗಳಿಗೋ ತಮ್ಮನಿಗೋ ಹೇಳಿ. ತಕ್ಷಣ ನಕ್ಕರೆ ಇಟ್ಟುಕೊಳ್ಳಬಹುದು. ಒಂದು ಕ್ಷಣ ತಡೆದು, ಆಮೇಲೆ "ಪರವಾಗಿಲ್ಲ ಬಿಡಿ" ಅಂದರೆ ತೆಗೆದುಹಾಕಿ. ಕೇಳಲು ಮನೆಯವರು ಯಾರೂ ಸಿಗದಿದ್ದರೆ ಆ ವ್ಯಕ್ತಿಯ ಮೇಲಿನ ಜೋಕೇ ಬೇಡ.

ಹಾಗಾದರೆ ಜೋಕು ಯಾರ ಮೇಲೆ? ಸಭೆಯಲ್ಲಿರುವ ಎಲ್ಲರಿಗೂ ಆ ಗಳಿಗೆಯಲ್ಲಿ ಕಾಣುವ, ಕೇಳುವ, ವಾಸನೆ ಬರುವ ಒಂದು ವಿಷಯ ಹುಡುಕಿ. ಒಂದು ಬ್ಯಾಂಕಿನವರ ಬೀಳ್ಕೊಡುಗೆ ಕಲ್ಯಾಣ ಮಂಟಪದಲ್ಲಿತ್ತು. ಅಡುಗೆಮನೆ ಪಕ್ಕದಲ್ಲೇ. ನಾನು ಮೊದಲು ನಮಸ್ಕಾರ ಹೇಳಿ, ಕುರ್ಚಿ ಎಳೆಯುವ ಸದ್ದು ನಿಲ್ಲುವವರೆಗೆ ಕಾದೆ. ಆಮೇಲೆ, "ಒಗ್ಗರಣೆ ವಾಸನೆ ನಿಮಗೂ ಬರ್ತಾ ಇದೆ. ವೇದಿಕೆ ಮೇಲಿನವರಿಗೂ ಬರಲಿ ಅಂತ ಆ ಕಡೆ ಬಾಗಿಲು ತೆಗೆದಿಟ್ಟಿದ್ದೇವೆ" ಅಂದೆ. ಜನ ನಕ್ಕರು, ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆದರೆ ಇದನ್ನು ಹೇಳುವ ಮೊದಲು ಅತಿಥಿಗಳ ಬಗ್ಗೆ ವಿಚಾರಿಸಿದ್ದೆ. ಉದ್ದ ಭಾಷಣಕ್ಕೆ ಹೆಸರಾದವರು ಅಲ್ಲಿ ಇದ್ದಿದ್ದರೆ ಈ ಮಾತೂ ಅವರೊಬ್ಬರ ಮೇಲೇ ಬೀಳುತ್ತಿತ್ತು, ಆಗ ನಾನು ಹೇಳುತ್ತಿರಲಿಲ್ಲ.

ಇನ್ನೊಂದು ಮಾತು, ಕಲ್ಯಾಣ ಮಂಟಪದಲ್ಲಿ ದನಿ ಗೋಡೆಗೆ ಬಡಿದು ಗುಂಯ್ ಅನ್ನುತ್ತದೆ. ಕೊನೆಯ ಒಂದು ಪದದ ಮೇಲೆ ನಿಂತ ಶ್ಲೇಷೆ ಹಿಂದಿನ ಸಾಲಿಗೆ ತಲುಪುವುದೇ ಇಲ್ಲ. ಎರಡು ಸಣ್ಣ ವಾಕ್ಯ ಸಾಕು. ನಗು ಬರದಿದ್ದರೆ ವಿವರಿಸಬೇಡಿ, ಇನ್ನೊಂದು ಜೋಕಿಗೂ ಹೋಗಬೇಡಿ. ಸ್ವಾಗತದ ಮುಂದಿನ ವಾಕ್ಯಕ್ಕೆ ಹೋಗಿ.

ಆ ಹುಡುಗ ಮರುದಿನ ಮುಖ್ಯ ಶಿಕ್ಷಕರ ಮನೆಗೆ ಹೋಗಿ ಕ್ಷಮೆ ಕೇಳಿದ. ಅವರು ಬೈಯಲಿಲ್ಲ, ಕೂರಿಸಿ ಉಪ್ಪಿಟ್ಟು ಕೊಟ್ಟರಂತೆ. ಈಗ ಅವನು ಯಾವ ಕಾರ್ಯಕ್ರಮ ಒಪ್ಪಿಕೊಂಡರೂ ಮೊದಲು ಕೇಳುವುದು, ಅದು ಯಾರಿಗಾಗಿಯೋ ಅವರ ಮನೆಯವರ ಫೋನ್ ನಂಬರ್.