ಬ್ರಿಡ್ಜ್ ಯಾಕೆ ಚರಣದ ಹಾಗೆ ಕೇಳಿಸುತ್ತದೆ? ಎಐ ಹಾಡಿಗೆ ಸಾಹಿತ್ಯ ಗುರುತು ಹಾಕುವ ಟಿಪ್ಪಣಿ

ಎಐ ಹಾಡುವ ಹಾಡಿಗೆ ಸಾಹಿತ್ಯ ಕೊಡುವಾಗ ಪ್ರತಿ ಭಾಗದ ಮೇಲೆ ಚೌಕ ಕಂಸದಲ್ಲಿ ಒಂದು ಟ್ಯಾಗ್ ಬರೆಯುತ್ತೇವೆ. ಚರಣಕ್ಕೆ `[Verse]`, ಪಲ್ಲವಿಗೆ `[Chorus]`, ನಡುವೆ ಬೇರೆ ದಾರಿ ಹಿಡಿಯುವ ಭಾಗಕ್ಕೆ `[Bridge]`. ಇಷ್ಟು ಎಲ್ಲರೂ ಬೇಗ ಕಲಿಯುತ್ತಾರೆ. ಆಮೇಲೆ ಹೆಚ್ಚಿನವರಿಗೆ ಬರುವ ತೊಂದರೆ ಒಂದೇ: ಟ್ಯಾಗ್ ಸರಿಯಾಗಿಯೇ ಇದೆ, ಆದರೆ ಬ್ರಿಡ್ಜ್ ಮೂರನೇ ಚರಣದ ಹಾಗೆ ಕೇಳಿಸುತ್ತದೆ. ಪಲ್ಲವಿ ಎರಡನೇ ಸಲ ಬಂದಾಗ ಬೇರೆ ಟ್ಯೂನ್‌ನಲ್ಲಿ ಇರುತ್ತದೆ. ಈ ಟಿಪ್ಪಣಿಯಲ್ಲಿ ಅದನ್ನೇ ನೋಡೋಣ.

ಮೊದಲು ಕಾರಣ. ಟ್ಯಾಗ್ ಅಂದರೆ ಆಜ್ಞೆ ಅಲ್ಲ, ಒಂದು ಸುಳಿವು. ಹಾಡು ಕಟ್ಟುವ ಎಐ ಮಾದರಿಗೆ ಟ್ಯಾಗ್ ಮತ್ತು ಅದರ ಕೆಳಗಿನ ಸಾಲುಗಳು ಒಟ್ಟಿಗೇ ಹೋಗುತ್ತವೆ, ಎರಡನ್ನೂ ನೋಡಿಕೊಂಡು ಅದು ರಾಗ ಕಟ್ಟುತ್ತದೆ. ಟ್ಯಾಗ್ 'ಇದು ಬ್ರಿಡ್ಜ್' ಅನ್ನುತ್ತದೆ, ಆದರೆ ಸಾಲುಗಳ ಉದ್ದ, ಪ್ರಾಸ, ನಡೆ ಎಲ್ಲ ಚರಣದಂತೆಯೇ ಇವೆ ಅಂದುಕೊಳ್ಳಿ. ಆಗ ಸಾಲುಗಳ ಸುಳಿವೇ ಸುಲಭವಾಗಿ ಗೆಲ್ಲುತ್ತದೆ. ಹಾಗಾಗಿ ನನ್ನ ಮಟ್ಟಿಗೆ ಟ್ಯಾಗ್ ಹಾಕುವುದು ಅರ್ಧ ಕೆಲಸ. ಸಾಹಿತ್ಯದ ಆಕಾರ ಟ್ಯಾಗಿನ ಮಾತಿಗೆ ಹೊಂದಬೇಕು, ಅದು ಇನ್ನರ್ಧ.

ಒಂದು ಚಿಕ್ಕ ಹಾಡನ್ನು ತೆಗೆದುಕೊಳ್ಳೋಣ. ಇದು ಮೊದಲ ಕರಡು:

```
[Chorus]
ಬಾಗಿಲನ್ನು ತೆರೆದೆ ಬಾ
ಬೆಳಕೆ ನನ್ನ ಒಳಗೆ ಬಾ (x2)

[Verse 1]
ರಾತ್ರಿಯೆಲ್ಲ ಕಾದು ಕೂತೆ
ದೀಪವಿರದ ಮನೆಯಲಿ
ಮಾತು ಮರೆತ ಗಾಳಿ ಕೂಡ
ನಿಂತು ಹೋಯ್ತು ಬಯಲಲಿ

[Chorus]

[Bridge]
ಯಾವ ಊರ ದಾರಿ ಹಿಡಿದು
ಬಂದೆ ಹೇಳು ಗೆಳೆಯನೆ
ಇಷ್ಟು ದಿನವು ಎಲ್ಲಿ ಇದ್ದೆ
ಎಂದು ಕೇಳೆ ಸುಮ್ಮನೆ
```

ನೋಡಲು ಚೆನ್ನಾಗಿಯೇ ಇದೆ, ಅಲ್ವಾ? ಆದರೆ ಮೂರು ಕಡೆ ತೊಡಕಿದೆ.

ಒಂದು, `(x2)`. ಓದುವ ನಮಗೆ ಅದು 'ಎರಡು ಸಲ'. ಎಐಗೆ ಅದು ಹಾಡಬೇಕಾದ ಪಠ್ಯದ ತುಂಡು. ಅದನ್ನು ಬಿಟ್ಟುಬಿಡಬಹುದು, ಇಲ್ಲವೇ ಏನೋ ಒಂದು ಉಚ್ಚಾರ ಮಾಡಿ ಹಾಡಬಹುದು. ಸುನೊ ಎಂಬ ಎಐ ಹಾಡಿನ ಸೇವೆಯಲ್ಲಂತೂ ದುಂಡು ಕಂಸದೊಳಗಿನ ಮಾತು ಸಾಮಾನ್ಯವಾಗಿ ಹಿಂದಿನಿಂದ ಬರುವ ಕೋರಸ್ ದನಿಯಾಗಿ ಕೇಳಿಸುತ್ತದೆ. ಹಾಗಾಗಿ ಸೂಚನೆಗೆ ಚೌಕ ಕಂಸ, ಹಾಡಬೇಕಾದ ಹಿನ್ನೆಲೆ ಮಾತಿಗೆ ದುಂಡು ಕಂಸ. ಇವೆರಡನ್ನು ಬೆರೆಸಬೇಡಿ. ಎರಡು ಸಲ ಹಾಡಬೇಕಿದ್ದರೆ ಸಾಲನ್ನು ಎರಡು ಸಲ ಬರೆಯಿರಿ.

ಎರಡು, ಖಾಲಿ `[Chorus]`. 'ಮೇಲೆ ಒಮ್ಮೆ ಬರೆದಿದ್ದೇನಲ್ಲ, ಅದನ್ನೇ ಹಾಡಲಿ' ಅಂತ ನಾವು ಬಿಡುತ್ತೇವೆ. ಕೆಳಗೆ ಸಾಲೇ ಇಲ್ಲದಿದ್ದರೆ ಅಲ್ಲಿ ಬರೀ ವಾದ್ಯ ಬರಬಹುದು, ಸುಮ್ನೆ ಆಲಾಪ ಬರಬಹುದು, ಅಥವಾ ನೇರ ಮುಂದಿನ ಭಾಗಕ್ಕೆ ಹಾರಬಹುದು. ಪಲ್ಲವಿ ಎಷ್ಟು ಸಲ ಬರಬೇಕೋ ಅಷ್ಟೂ ಸಲ ಪೂರ್ತಿ ಬರೆಯಬೇಕು, ಅದೂ ಅಕ್ಷರ ಬದಲಿಸದೆ. 'ಅದೇ ಟ್ಯೂನ್ ಮತ್ತೆ ಬರಲಿ' ಎಂದು ಹೇಳಲು ಅದೇ ಪಠ್ಯಕ್ಕಿಂತ ಬಲವಾದ ಸುಳಿವು ಸಾಹಿತ್ಯದೊಳಗೆ ಇಲ್ಲ. ಮೂರನೇ ಸಲ 'ಬಾಗಿಲನ್ನು ತೆರೆದು ನಿಂತೆ' ಅಂತ ಸ್ವಲ್ಪ ಬದಲಿಸುವ ಆಸೆ ಆಗುತ್ತದೆ. ಕವಿತೆಯಾಗಿ ಚೆಂದವೇ. ಆದರೆ ಸಾಲಿನ ಕೊನೆಯ 'ಬಾ' ಹೋಯಿತು, ಎಳೆದು ಹಾಡುವ ಜಾಗವೇ ಹೋಯಿತು. ಟ್ಯೂನ್ ಅಲ್ಲೇ ದಾರಿ ತಪ್ಪುವ ಸಾಧ್ಯತೆ ಜಾಸ್ತಿ.

ಮೂರನೆಯದು ಬ್ರಿಡ್ಜ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಮಾತ್ರೆ ಎಣಿಸಿ ನೋಡಿ: ಹ್ರಸ್ವಕ್ಕೆ 1, ದೀರ್ಘಕ್ಕೆ 2, ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಅನುಸ್ವಾರ ಇರುವ ಅಕ್ಷರಕ್ಕೂ 2. 'ರಾತ್ರಿಯೆಲ್ಲ ಕಾದು ಕೂತೆ' 12 ಮಾತ್ರೆ, 'ದೀಪವಿರದ ಮನೆಯಲಿ' 10. ಚರಣ ಪೂರ್ತಿ 12, 10, 12, 10. ಈಗ ಬ್ರಿಡ್ಜ್ ಎಣಿಸಿ. 'ಯಾವ ಊರ ದಾರಿ ಹಿಡಿದು' 12, 'ಬಂದೆ ಹೇಳು ಗೆಳೆಯನೆ' 10, ಮತ್ತೆ 12, 10. ಪ್ರಾಸ ಕೂಡ ಎರಡನೇ ಮತ್ತು ನಾಲ್ಕನೇ ಸಾಲಿನ ಕೊನೆಗೇ ಬಿದ್ದಿದೆ. ಹೆಸರು ಬ್ರಿಡ್ಜ್, ಮೈ ಚರಣದ್ದು. ಚರಣದ ಟ್ಯೂನ್‌ನಲ್ಲಿ ಈ ಸಾಲುಗಳನ್ನು ಗುನುಗಿ ನೋಡಿ. ಎಲ್ಲೂ ತಡವರಿಸದೆ ಕೂತರೆ ಎಐ ಕೂಡ ಹಾಗೇ ಕೂರಿಸುತ್ತದೆ ಎಂದು ಮೊದಲೇ ಊಹಿಸಬಹುದು. ಹಾಡು ತಯಾರಿಸುವ ಮುಂಚೆಯೇ ಮಾಡಬಹುದಾದ ಪರೀಕ್ಷೆ ಇದು. ನನಗೆ ಇದಕ್ಕಿಂತ ಉಪಯೋಗದ್ದು ಬೇರೆ ಸಿಕ್ಕಿಲ್ಲ.

ತಿದ್ದಿ, ಇನ್ನೊಂದು ಚರಣ ಸೇರಿಸಿದ ಮೇಲೆ ಹಾಡಿನ ಎರಡನೇ ಅರ್ಧ ಹೀಗಿರುತ್ತದೆ:

```
[Verse 2]
ದೂರದಲ್ಲಿ ಕೋಳಿ ಕೂಗು
ಕೇಳಿಬಂತು ಮೆಲ್ಲನೆ
ಕಪ್ಪು ಕರಗಿ ಬೆಟ್ಟದಂಚು
ಕಂಡಿತೀಗ ಸಣ್ಣನೆ

[Chorus]
ಬಾಗಿಲನ್ನು ತೆರೆದೆ ಬಾ
ಬೆಳಕೆ ನನ್ನ ಒಳಗೆ ಬಾ
ಬಾಗಿಲನ್ನು ತೆರೆದೆ ಬಾ
ಬೆಳಕೆ ನನ್ನ ಒಳಗೆ ಬಾ

[Instrumental]

[Bridge]
ಯಾರು ನೀನು
ಎಲ್ಲಿ ಇದ್ದೆ
ಇಷ್ಟು ದಿನ

[Chorus]
ಬಾಗಿಲನ್ನು ತೆರೆದೆ ಬಾ
ಬೆಳಕೆ ನನ್ನ ಒಳಗೆ ಬಾ
ಬಾಗಿಲನ್ನು ತೆರೆದೆ ಬಾ
ಬೆಳಕೆ ನನ್ನ ಒಳಗೆ ಬಾ

[Outro]
```

ಎರಡನೇ ಚರಣ ಮೊದಲನೆಯದರ ಅಳತೆಯಲ್ಲೇ ಇದೆ, 12, 10, 12, 10. ಎರಡು ಚರಣಗಳು ಒಂದೇ ಟ್ಯೂನ್‌ನಲ್ಲಿ ಬರಬೇಕಾದರೆ ಇದು ಬೇಕು. ಬ್ರಿಡ್ಜ್ ಮಾತ್ರ ಬೇರೆ: ಸಾಲುಗಳು 6, 6, 5 ಮಾತ್ರೆ, ನಾಲ್ಕರ ಬದಲು ಮೂರೇ ಸಾಲು, ಪ್ರಾಸ ಇಲ್ಲ. ಚರಣದ ಟ್ಯೂನ್‌ಗೆ ಇದನ್ನು ಕೂರಿಸಲು ಹೋದರೆ ಅರ್ಧ ಸಾಲು ಖಾಲಿ ಉಳಿಯುತ್ತದೆ. ಆದ್ದರಿಂದ ಮಾದರಿ ಬೇರೇನೋ ಹುಡುಕಲೇಬೇಕಾಗುತ್ತದೆ. ಮುಂಚೆ ಇಟ್ಟ `[Instrumental]`, ಅಂದರೆ ಬರೀ ವಾದ್ಯದ ಭಾಗ, ಹಳೆಯ ಟ್ಯೂನ್‌ನ ಓಟವನ್ನು ಒಮ್ಮೆ ಕಡಿಯುತ್ತದೆ. ಮೂರು ಮಾತ್ರೆಯ ನಡೆಯನ್ನು ನಾನು ಬಿಟ್ಟಿಲ್ಲ ಎಂಬುದನ್ನೂ ಗಮನಿಸಿ. 'ಯಾರು', 'ನೀನು', 'ಎಲ್ಲಿ', 'ಇದ್ದೆ', ಎಲ್ಲವೂ 3. ನಡೆಯನ್ನೇ ನಾಲ್ಕಕ್ಕೆ ಬದಲಿಸಿದರೆ ತಾಳಕ್ಕೆ ಹೊಂದಿಸಲು ಎಐ ಅಕ್ಷರಗಳನ್ನು ಎಳೆಯುತ್ತದೆ, ನುಂಗುತ್ತದೆ. ಕನ್ನಡ ಕೇಳುವ ಕಿವಿಗೆ ಅದು ಕೂಡಲೇ ಗೊತ್ತಾಗುತ್ತದೆ.

ಟ್ಯಾಗನ್ನು ಇಂಗ್ಲಿಷ್ ಲಿಪಿಯಲ್ಲೇ ಬರೆಯಿರಿ, ಚಿಕ್ಕದಾಗಿರಲಿ. `[ಪಲ್ಲವಿ]` ಎಂದು ಬರೆದರೆ ಅದನ್ನೇ ಹಾಡಿಬಿಡುವ ಅಪಾಯ ಇದೆ. ಕಂಸದೊಳಗೆ ಉದ್ದುದ್ದ ವಿವರಣೆ ತುಂಬಿದರೂ ಅದೇ ಅಪಾಯ. ಯಾವ ವಾದ್ಯ, ಯಾವ ಭಾವ, ಎಷ್ಟು ವೇಗ ಎನ್ನುವುದೆಲ್ಲ ಹಾಡಿನ ಶೈಲಿಯನ್ನು ಬೇರೆಯಾಗಿ ಬರೆಯುವ ಪೆಟ್ಟಿಗೆಗೆ ಸೇರಿದ್ದು.

ಒಂದೊಂದು ಮಾದರಿಗೆ ಒಂದೊಂದು ಹಟವೂ ಇರುತ್ತದೆ. `YuE` ಎಂಬ ಮುಕ್ತ ಮಾದರಿಯ ಬಳಕೆ ಸೂಚನೆಯಲ್ಲಿ ಭಾಗಗಳ ನಡುವೆ ಒಂದು ಖಾಲಿ ಸಾಲು ಬಿಡಲು ಹೇಳಿದ್ದಾರೆ. ಒಂದೊಂದು ಭಾಗ ಸುಮಾರು 30 ಸೆಕೆಂಡಿನದು, ಅದರಲ್ಲಿ ಜಾಸ್ತಿ ಪದ ತುರುಕಬೇಡಿ ಎಂದೂ ಇದೆ. ಅದರಲ್ಲಿ ಹಾಡಿನ ಆರಂಭಕ್ಕೆ ಹಾಕುವ `[intro]` ಅಷ್ಟು ನೆಚ್ಚುವ ಹಾಗಿಲ್ಲ, `[verse]` ಅಥವಾ `[chorus]` ಇಂದಲೇ ಶುರು ಮಾಡಿ ಎನ್ನುತ್ತಾರೆ. ಪಲ್ಲವಿಯಿಂದಲೇ ಶುರುವಾಗುವ ನಮ್ಮ ಹಾಡುಗಳಿಗೆ ಇದು ಅನುಕೂಲವೇ.

ಹಾಡು ಬಂದ ಮೇಲೆ ಸಾಹಿತ್ಯವನ್ನು ಮುಂದಿಟ್ಟುಕೊಂಡು ಕೇಳಿ. ಪ್ರತಿ ಟ್ಯಾಗಿನ ಪಕ್ಕ ಅದು ಶುರುವಾದ ಸಮಯ ಬರೆಯಿರಿ. ಮೊದಲ ಪಲ್ಲವಿ ಮತ್ತು ಕೊನೆಯ ಪಲ್ಲವಿಯನ್ನು ಒಂದರ ಹಿಂದೆ ಒಂದು ಕೇಳಿದರೆ ಟ್ಯೂನ್ ಉಳಿದಿದೆಯೋ ಇಲ್ಲವೋ ತಕ್ಷಣ ತಿಳಿಯುತ್ತದೆ. ಬ್ರಿಡ್ಜ್ ತಪ್ಪಿದ್ದರೆ ಸಾಲುಗಳ ಅಳತೆ ನೋಡಿ. ಕೊನೆಯ ಪಲ್ಲವಿಯೇ ಬರದೆ ಹಾಡು ಮುಗಿದಿದ್ದರೆ ಸಾಹಿತ್ಯ ಉದ್ದವಾಗಿರಬಹುದು, ಒಂದು ಚರಣ ಕಡಿಮೆ ಮಾಡಿ. ಸಾಹಿತ್ಯ, ಟ್ಯಾಗ್ ಎರಡೂ ಸರಿ ಇದ್ದೂ ಒಂದೇ ಕಡೆ ಕೆಟ್ಟಿದ್ದರೆ ಏನನ್ನೂ ಬದಲಿಸದೆ ಇನ್ನೊಮ್ಮೆ ತಯಾರಿಸಿ, ಯಾಕೆಂದರೆ ಅದೇ ಪಠ್ಯಕ್ಕೆ ಪ್ರತಿ ಸಲ ಬೇರೆ ಹಾಡು ಬರುತ್ತದೆ. ಎರಡು ಮೂರು ಸಲವೂ ಅದೇ ಜಾಗದಲ್ಲಿ ಎಡವಿದರೆ ಆಗ ಪೆನ್ನು ಹಿಡಿದು ಆ ಸಾಲಿನ ಮಾತ್ರೆ ಎಣಿಸಿ.