ಗೈರಾದ ದಿನಗಳಿದ್ದಾಗ ಮೆಸ್ ಬಿಲ್ ಹಂಚುವುದು ಹೇಗೆ?

ಪ್ರಶ್ನೆ: ಹಾಸ್ಟೆಲ್‌ನಲ್ಲಿ ನಾವು ನಾಲ್ವರು ಸೇರಿ ಮೆಸ್ ನಡೆಸುತ್ತಿದ್ದೇವೆ. ತಿಂಗಳಲ್ಲಿ ಒಬ್ಬೊಬ್ಬರು ಒಂದಷ್ಟು ದಿನ ಇರುವುದಿಲ್ಲ. ಒಟ್ಟು ಬಿಲ್ಲನ್ನು ಉಂಡ ದಿನಗಳ ಲೆಕ್ಕದಲ್ಲಿ ಹಂಚಿದರೆ ಸಾಲದೇ?

ಉತ್ತರ: ಸಾಲದು. ಬಿಲ್ಲಿನಲ್ಲಿ ಎರಡು ಬಗೆಯ ಖರ್ಚುಗಳು ಬೆರೆತಿರುತ್ತವೆ. ದಿನಸಿ, ತರಕಾರಿ, ಹಾಲು ಉಣ್ಣುವವರ ಸಂಖ್ಯೆಗೆ ತಕ್ಕಂತೆ ಏರಿಳಿಯುತ್ತವೆ. ಅಡುಗೆಯವರ ಸಂಬಳವಾದರೋ ಒಬ್ಬರು ಊರಿಗೆ ಹೋದರೆಂದು ಇಳಿಯುವುದಿಲ್ಲ. ಆದ್ದರಿಂದ ಸಂಬಳದಂತಹ ಸ್ಥಿರ ಖರ್ಚನ್ನು ತಲೆಗೆ ಸಮನಾಗಿಯೂ, ಊಟದ ಖರ್ಚನ್ನು ಹಾಜರಿಯ ದಿನಗಳಿಗೆ ಅನುಗುಣವಾಗಿಯೂ ಹಂಚಬೇಕು.

ನಿಮ್ಮಲ್ಲಿ ನಾಲ್ವರು ಕ್ರಮವಾಗಿ 30, 26, 20 ಮತ್ತು 4 ದಿನ ಉಂಡಿದ್ದಾರೆ ಎಂದುಕೊಳ್ಳೋಣ. ಒಟ್ಟು ಬಿಲ್ಲು 18,000 ರೂಪಾಯಿ, ಅದರಲ್ಲಿ ಸ್ಥಿರ ಖರ್ಚು 6,000. ಹಾಜರಿಯ ದಿನಗಳನ್ನು ಕೂಡಿದರೆ 80 ಆಗುತ್ತದೆ. ಉಳಿದ 12,000ವನ್ನು ಅದರಿಂದ ಭಾಗಿಸಿದರೆ ದಿನಕ್ಕೆ 150 ಬೀಳುತ್ತದೆ. ಸ್ಥಿರ ಖರ್ಚಿನಲ್ಲಿ ತಲಾ 1,500 ಸೇರಿಸಿದಾಗ ನಾಲ್ವರ ಪಾಲು 6,000, 5,400, 4,500 ಮತ್ತು 2,100 ಆಗುತ್ತದೆ.

ಎಲ್ಲವನ್ನೂ ದಿನಕ್ಕೇ ಹಾಕಿದ್ದರೆ ದರ 225 ಆಗಿ, 4 ದಿನ ಉಂಡವರು ಕೇವಲ 900 ಕೊಟ್ಟು ಮುಗಿಸುತ್ತಿದ್ದರು, ಇಡೀ ತಿಂಗಳು ಇದ್ದವರ ಮೇಲೆ 6,750ರ ಹೊರೆ ಬೀಳುತ್ತಿತ್ತು. ಗೈರಾದವರ ಸಂಬಳದ ಪಾಲನ್ನು ಇದ್ದವರೇ ಹೊತ್ತಂತಾಗುವುದರಿಂದ ನನಗೆ ಇದು ಅನ್ಯಾಯವಾಗಿ ಕಾಣುತ್ತದೆ. ಅವರು ತಿರುಗಿ ಬಂದಾಗ ಮೆಸ್ ನಡೆಯುತ್ತಲೇ ಇರುವುದು ಆ ಸಂಬಳದಿಂದಲ್ಲವೇ? 20 ದಿನ ಉಂಡವರ ಪಾಲು ಮಾತ್ರ ಎರಡೂ ಲೆಕ್ಕದಲ್ಲಿ 4,500 ಆಗಿಯೇ ಉಳಿಯುತ್ತದೆ, ಏಕೆಂದರೆ ನಾಲ್ವರ ಸರಾಸರಿ ಹಾಜರಿಯೂ 20 ದಿನವೇ. ಲೆಕ್ಕದ ಪುಸ್ತಕವನ್ನು ಸರಾಸರಿಯ ಹತ್ತಿರವಿರುವವರ ಕೈಗೆ ಕೊಡಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಜಗಳ ಹೆಚ್ಚಾಗಿ ಹುಟ್ಟುವುದು ಭಾಗಾಕಾರದಲ್ಲಲ್ಲ, ಯಾವ ದಿನವನ್ನು ಗೈರು ಎಂದು ಬರೆಯಬೇಕೆಂಬುದರಲ್ಲಿ. ಹೇಳದೆ ಹೋದವರ ಪಾಲಿನ ಅಡುಗೆ ಆಗಿಯೇ ಹೋಗಿರುತ್ತದೆ. ಆದ್ದರಿಂದ ಹಿಂದಿನ ರಾತ್ರಿಯೊಳಗೆ ಪುಸ್ತಕದಲ್ಲಿ ಬರೆದ ಗೈರನ್ನು ಮಾತ್ರ ಕಳೆಯಬೇಕು, ಉಳಿದದ್ದನ್ನು ಹಾಜರಿಯೆಂದೇ ಎಣಿಸಬೇಕು. ಅತಿಥಿಗಳು ಉಂಡ ದಿನ ಕರೆತಂದವರ ಲೆಕ್ಕಕ್ಕೆ ಸೇರುತ್ತದೆ. ಒಂದು ಹೊತ್ತು ಮಾತ್ರ ಉಣ್ಣುವವರು ಹೆಚ್ಚಿದ್ದರೆ ದಿನದ ಬದಲು ಊಟಗಳನ್ನೇ ಎಣಿಸಿ.

ಇನ್ನೊಂದು ತಪ್ಪು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ತಿಂಗಳ ಕೊನೆಯಲ್ಲಿ ತಂದ ದಿನಸಿ ಮುಂದಿನ ತಿಂಗಳಿಗೂ ಉಳಿದಿರುತ್ತದೆ, ಅದರ ಬೆಲೆಯನ್ನು ಈ ತಿಂಗಳು ಇದ್ದವರೇ ತೆತ್ತಿರುತ್ತಾರೆ. ಹಾಗಾಗಿ ಹಿಂದಿನ ತಿಂಗಳ ಉಳಿಕೆಗೆ ಈ ತಿಂಗಳ ಖರೀದಿಯನ್ನು ಕೂಡಿಸಿ, ಕೊನೆಯ ದಿನ ಡಬ್ಬಿಗಳಲ್ಲಿ ಉಳಿದದ್ದರ ಬೆಲೆಯನ್ನು ಕಳೆದ ನಂತರವೇ ದಿನದ ದರ ಕಟ್ಟಬೇಕು.