ಸ್ಲಾಟ್ ಆಟದ ಸರ್ಟಿಫಿಕೇಟ್ ಏನನ್ನು ಪರೀಕ್ಷಿಸಿರುತ್ತದೆ?

ಗೇಮ್ ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕೆಲಸ. ಹಾಗಾಗಿ ಕಾರವಾರಕ್ಕೆ ಹೋದರೆ ಯಾರಾದರೂ ಕೇಳಿಯೇ ಕೇಳುತ್ತಾರೆ: "ಅಣ್ಣ, ತುಂಬಾ ಹೊತ್ತು ಸೋತಿದ್ರೆ ಇನ್ನೇನು ಜಾಕ್‌ಪಾಟ್ ಬರ್ತದೆ ಅಲ್ವಾ?"

ಇಲ್ಲ ಮಾರಾಯ. ನೀವು ಗುಂಡಿ ಒತ್ತಿದ ಕ್ಷಣದಲ್ಲೇ ಸರ್ವರ್ ಒಂದು ಸಂಖ್ಯೆ ಎತ್ತುತ್ತದೆ, ಫಲಿತಾಂಶ ಅಲ್ಲಿಗೇ ಮುಗಿಯಿತು, ಆಮೇಲೆ ಪರದೆ ಮೇಲೆ ಸುತ್ತುವ ಚಿತ್ರಗಳ ಪಟ್ಟಿ, ಅಂದರೆ ರೀಲ್, ಬರೀ ತೋರಿಕೆ. ಹಿಂದಿನ ಸ್ಪಿನ್‌ನಲ್ಲಿ ಸೋತಿದ್ದೀರೋ ಗೆದ್ದಿದ್ದೀರೋ ಎಂಬುದು ಆ ಸಂಖ್ಯೆಗೆ ಬೇಕಾಗಿಲ್ಲ.

ತಮಾಷೆ ಇರುವುದು ಸಂಖ್ಯೆಯನ್ನು ಚಿತ್ರವಾಗಿ ಬದಲಿಸುವಲ್ಲಿ. ಒಂದು ಆಟ ಊಹಿಸಿಕೊಳ್ಳಿ. ಮೂರು ರೀಲ್, ಒಂದೊಂದರಲ್ಲಿ ಕಾಣುವುದು 20 ಚಿತ್ರ, ಆದರೆ ಒಳಗಿನ ಲೆಕ್ಕದಲ್ಲಿ 64 ಜಾಗ. ಜಾಕ್‌ಪಾಟ್ ಚಿತ್ರಕ್ಕೆ ಒಂದೇ ಜಾಗ, ಅದರ ಮೇಲೂ ಕೆಳಗೂ ಇರುವ ಖಾಲಿಗೆ ಐದೈದು. ಕಣ್ಣಿಗೆ ಕಂಡಂತೆ ಲೆಕ್ಕ ಹಾಕಿದರೆ ಮೂರೂ ಸಾಲಾಗಿ ಬೀಳುವುದು 8,000ಕ್ಕೆ ಒಮ್ಮೆ, ನಿಜದಲ್ಲಿ 2,62,144ಕ್ಕೆ ಒಮ್ಮೆ. ಪ್ರತಿ ರೀಲ್‌ನಲ್ಲೂ ಜಾಕ್‌ಪಾಟ್ ಚಿತ್ರ ಗೆಲುವಿನ ಗೆರೆಗೆ ಬೀಳುವುದರ ಹತ್ತು ಪಟ್ಟು ಸಲ, ಗೆರೆಯಿಂದ ಒಂದೇ ಹೆಜ್ಜೆ ಆಚೀಚೆ ನಿಲ್ಲುತ್ತದೆ. "ಅಯ್ಯೋ, ಸ್ವಲ್ಪದರಲ್ಲಿ ತಪ್ಪಿತು" ಅನ್ನಿಸುವುದು ಅದಕ್ಕೇ. ಇಷ್ಟಾದರೂ ಸಂಖ್ಯೆ ಎತ್ತುವ ಕೋಡ್‌ನಲ್ಲಿ ಒಂದು ಚೂರೂ ಮೋಸ ಇಲ್ಲ!

ಈಗ ಸರ್ಟಿಫಿಕೇಟ್ ವಿಷಯ. ಜಿಎಲ್‌ಐ, ಬಿಎಂಎಂ, ಇಕೋಗ್ರಾ ಥರದ ಲ್ಯಾಬ್‌ಗಳು ಮೊದಲು ಕೋಡ್ ಓದುತ್ತವೆ. ಸಂಖ್ಯೆ ಎಲ್ಲಿಂದ ಹುಟ್ಟುತ್ತದೆ, ಮುಂದಿನದನ್ನು ಊಹಿಸಲು ಆಗುತ್ತದಾ ಎಂದು ನೋಡುತ್ತವೆ. ರಾಶಿ ರಾಶಿ ಸಂಖ್ಯೆ ತೆಗೆಸಿ, ಯಾವುದಾದರೂ ಒಂದು ಕಡೆಗೆ ವಾಲುತ್ತಿದೆಯಾ ಎಂದು ಅಂಕಿಅಂಶದ ಪರೀಕ್ಷೆ ಮಾಡುತ್ತವೆ. ಕೊನೆಗೆ ಕಂಪನಿ ಕೊಟ್ಟ ಲೆಕ್ಕದ ಹಾಳೆಗೂ ಆಟಕ್ಕೂ ತಾಳೆ ನೋಡಿ, ಆ ಫೈಲಿನ ಹ್ಯಾಶ್, ಅಂದರೆ ಅದರ ಬೆರಳಚ್ಚಿನಂಥ ಒಂದು ಸಂಕೇತ, ಬರೆದಿಡುತ್ತವೆ. ಮುಂದೆ ಒಂದಕ್ಷರ ಬದಲಾದರೂ ಹ್ಯಾಶ್ ಬೇರೆ ಬರುತ್ತದೆ, ಆದರೆ ಯಾರಾದರೂ ಮತ್ತೆ ಹೋಗಿ ಹೋಲಿಸಿ ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಅಂದರೆ ಲ್ಯಾಬ್ ಹೇಳುವುದು, "ಹಾಳೆಯಲ್ಲಿ ಬರೆದಂತೆಯೇ ಆಟ ನಡೆಯುತ್ತದೆ" ಅಂತ. ಹಾಳೆ ನಿಮಗೆ ಒಳ್ಳೆಯದಾ ಅನ್ನುವುದು ಬೇರೆ ಮಾತು. ಒಂದೇ ಹೆಸರಿನ ಆಟ 96 ಪರ್ಸೆಂಟ್ ವಾಪಸ್ ಕೊಡುವ ರೂಪದಲ್ಲೂ 92ರ ರೂಪದಲ್ಲೂ ಬರಬಹುದು, ಎರಡೂ ಪಾಸಾಗಿರಬಹುದು. ಆ 96 ಸಹ ನೀವು ಹಾಕಿದ ಡಿಪಾಸಿಟ್ ಮೇಲಿನ ಲೆಕ್ಕ ಅಲ್ಲ. 10 ರೂಪಾಯಿಯಂತೆ 500 ಸ್ಪಿನ್ ಆಡಿದರೆ ಪಂದ್ಯ ಕಟ್ಟಿದ್ದು 5,000, ಅದರ ನಾಲ್ಕು ಪರ್ಸೆಂಟ್ ಅಂದರೆ ಸರಾಸರಿ 200 ರೂಪಾಯಿ ಹೋಯಿತು. ಗೆದ್ದದ್ದನ್ನೇ ಮತ್ತೆ ಕಟ್ಟುತ್ತಾ ಹೋದರೆ ಪ್ರತಿ ಸುತ್ತಿಗೂ ಇದೇ ಕಡಿತ.

ಗೆದ್ದ ದುಡ್ಡು ಖಾತೆಗೆ ಬರುತ್ತದೆಯೋ ಇಲ್ಲವೋ ಅನ್ನುವುದನ್ನು ಈ ಆಟದ ಪರೀಕ್ಷೆ ನೋಡುವುದೇ ಇಲ್ಲ. ಸೈಟಿನ ಕೆಳಗೆ ಅಂಟಿಸಿದ ಲೋಗೋ ಬರೀ ಚಿತ್ರವೂ ಆಗಿರಬಹುದು, ಆಟದ ಹೆಸರು ಮತ್ತು ವರ್ಷನ್ ಹಿಡಿದು ಲ್ಯಾಬ್‌ನಲ್ಲೇ ವಿಚಾರಿಸಬೇಕು. ಇನ್ನು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ನಮ್ಮ ದೇಶದಲ್ಲಿ 2025ರಲ್ಲೇ ಪಾಸಾಗಿದೆ, ಯಾವ ಲ್ಯಾಬಿನ ಮುದ್ರೆ ಇದ್ದರೂ ಅದರಿಂದ ವಿನಾಯಿತಿ ಸಿಗುವುದಿಲ್ಲ.